ಏಳು ಗಂಟೆಯ ಕಾಫಿ, ಹನ್ನೊಂದರ ಕಾಫಿ

ಮಡಿಕೇರಿಯಲ್ಲಿ ನಾನು ನಡೆಸುವ ಚಿಕ್ಕ ಹೋಟೆಲಿನಲ್ಲಿ ದಿನಕ್ಕೆ ಸರಾಸರಿ 250 ಲೋಟ ಕಾಫಿ ಮತ್ತು 150 ಲೋಟ ಚಹಾ ಹೋಗುತ್ತದೆ. ಶುಕ್ರವಾರದ ಸಂತೆಯ ದಿನವೂ ವಾರದ ಕೊನೆಯಲ್ಲಿ ಪ್ರವಾಸಿಗರು ಬಂದಾಗಲೂ ಇದು ಇನ್ನಷ್ಟು ಏರುತ್ತದೆ. ಆರಂಭದ ಎರಡು ವರ್ಷ ನಮ್ಮ ಕಾಫಿ ಚೆನ್ನಾಗಿದೆ ಎಂದೇ ನಾನು ನಂಬಿದ್ದೆ. ನಾನು ಕುಡಿಯುತ್ತಿದ್ದುದು ಬೆಳಿಗ್ಗೆ ಆರೂವರೆಯ ಕಾಫಿಯನ್ನು ಮಾತ್ರ ಎಂಬುದು ಆಗ ಹೊಳೆದಿರಲಿಲ್ಲ. ದಿನಕ್ಕೆರಡು ಬಾರಿ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಒಂದು ದಿನ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು, “ಏಳು ಗಂಟೆಯ ಕಾಫಿ ನಿಮ್ಮದು, ಸರಿ. ಹನ್ನೊಂದರ ಈ ಕಾಫಿ ಯಾರದ್ದು ಮಾರಾಯರೇ?” ಎಂದು ಕೇಳಿದರು. ಅಂದಿನಿಂದ ನಾನು ಹನ್ನೊಂದರ ಕಾಫಿಯನ್ನೂ ಕುಡಿಯತೊಡಗಿದೆ.

ಆಗ ನಮ್ಮ ಕ್ರಮ ಹೀಗಿತ್ತು. ಬೆಳಿಗ್ಗೆ ಐದಕ್ಕೆ ಒಂದೂವರೆ ಕಿಲೋ ಪುಡಿಯನ್ನು ದೊಡ್ಡ ಹಿತ್ತಾಳೆ ಫಿಲ್ಟರಿಗೆ ತುಂಬಿ ಒಮ್ಮೆಲೇ ನಾಲ್ಕೂವರೆ ಲೀಟರ್ ಡಿಕಾಕ್ಷನ್ ಇಳಿಸುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅದು ಮುಗಿಯಬೇಕು. ಡಿಕಾಕ್ಷನ್ ತಣ್ಣಗಾದಂತೆಲ್ಲ ಅದನ್ನು ಸಣ್ಣ ಉರಿಯ ಮೇಲೆ ಇಡುತ್ತಿದ್ದೆವು. ಒಂದು ದಿನ ಗಂಟೆಗೊಮ್ಮೆ ಎರಡು ಚಮಚ ಡಿಕಾಕ್ಷನ್ ತೆಗೆದು, ಹಾಲು ಸಕ್ಕರೆ ಇಲ್ಲದೆ ಬಿಸಿನೀರು ಮಾತ್ರ ಬೆರೆಸಿ ಕುಡಿದು ನೋಡಿದೆ. ಮೊದಲ ಒಂದೂವರೆ ಗಂಟೆ ಪರಿಮಳ ನಿಂತಿತ್ತು. ಎರಡನೆಯ ಗಂಟೆ ಕಳೆಯುವಾಗ ಘಮ ಹೋಗಿ ಹುಳಿ ಮುಂದಾಯಿತು. ಉರಿಯ ಮೇಲಿಟ್ಟ ಬಳಿಕ ಆ ಹುಳಿಯ ಮೇಲೆ ಸುಟ್ಟ ಕಹಿಯೂ ಸೇರಿತು. ಹಾಲು ಈ ಕಹಿಯನ್ನು ಸ್ವಲ್ಪ ಮುಚ್ಚುತ್ತದೆಯಾದರೂ ಹೋದ ಪರಿಮಳವನ್ನು ತಂದುಕೊಡುವುದಿಲ್ಲ. ಕಾಫಿ ಮಾಡುವ ಹುಡುಗನಿಗೆ ಇದು ಅಭ್ಯಾಸದಿಂದಲೇ ಗೊತ್ತಿತ್ತು. ರುಚಿ ಇಳಿದಷ್ಟೂ ಅವನು ಕೈಯಳತೆಯಲ್ಲಿ ಡಿಕಾಕ್ಷನ್ ಹೆಚ್ಚಿಸುತ್ತಿದ್ದ, ಅದರಿಂದ ಬಣ್ಣ ಬರುತ್ತಿತ್ತು, ರುಚಿ ಬರುತ್ತಿರಲಿಲ್ಲ. ಪುಡಿಯ ಖರ್ಚನ್ನು ಲೋಟಗಳ ಲೆಕ್ಕದೊಂದಿಗೆ ಹೋಲಿಸಿದಾಗ ಒಂದೂವರೆ ಕಿಲೋಗೆ 150 ಲೋಟ ಮಾತ್ರ ಆಗುತ್ತಿತ್ತು. ಲೋಟವೊಂದಕ್ಕೆ ಹತ್ತು ಗ್ರಾಂ ಪುಡಿ ಸುರಿದೂ ಕೆಟ್ಟ ಕಾಫಿ ಕೊಡುತ್ತಿದ್ದೆವು ಎಂದಾಯಿತು.

ನಾನು ಮಾಡಿದ ಮೊದಲ ಬದಲಾವಣೆಯೆಂದರೆ ಒಂದು ಬಾರಿಗೆ ಅರ್ಧ ಕಿಲೋಗಿಂತ ಹೆಚ್ಚು ಪುಡಿ ಹಾಕಬಾರದೆಂಬ ನಿಯಮ. ಅದಕ್ಕಾಗಿ 4,200 ರೂಪಾಯಿ ಕೊಟ್ಟು ಎರಡನೆಯ ಫಿಲ್ಟರ್ ಕೊಂಡೆ. ಒಂದರಿಂದ ಡಿಕಾಕ್ಷನ್ ಖರ್ಚಾಗುತ್ತಿರುವಾಗ ಇನ್ನೊಂದರಲ್ಲಿ ಮುಂದಿನದು ಇಳಿಯುತ್ತಿರುತ್ತದೆ. ನಾವು ಬಳಸುವುದು ನೂರಕ್ಕೆ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ ಇರುವ ಪುಡಿ. ಕಾಫಿಯಲ್ಲಿ ಅರೇಬಿಕಾ ಮತ್ತು ರೋಬಸ್ಟಾ ಸಮ ಪಾಲು. ಪುಡಿಯನ್ನು ತಕ್ಕಡಿಯಲ್ಲಿ ತೂಗಿ ಹಾಕಿ ಸಮತಟ್ಟು ಮಾಡಿ, ಮೇಲೆ ಕೊಡೆಯಂಥ ಒತ್ತುವ ತಟ್ಟೆಯನ್ನು ಹಗುರವಾಗಿ ಇಡುತ್ತೇವೆ. ಮೊದಲು ಸುಮಾರು 400 ಮಿಲಿಲೀಟರ್ ಬಿಸಿನೀರನ್ನು ಸುತ್ತಲೂ ಹನಿಸಿ ಪುಡಿ ನೆನೆದು ಉಬ್ಬಲು ಎರಡು ನಿಮಿಷ ಬಿಡುತ್ತೇವೆ, ಅನಂತರ ಉಳಿದ 2.2 ಲೀಟರ್ ನೀರನ್ನು ಎರಡು ಸಲವಾಗಿ ಹಾಕುತ್ತೇವೆ. ಪುಡಿ ತನ್ನ ತೂಕದ ಎರಡು ಪಟ್ಟಿಗೂ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು ಒಂದೂವರೆ ಲೀಟರ್ ಮಾತ್ರ. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ತೆಗೆಯುವ ಎರಡನೆಯ ಡಿಕಾಕ್ಷನ್ ನಮ್ಮ ಕೆಲಸದವರ ಕಾಫಿಗಷ್ಟೇ ಹೋಗುತ್ತದೆ, ಗಿರಾಕಿಯ ಲೋಟಕ್ಕೆ ಬೆರೆಸುವುದಿಲ್ಲ.

ನೀರಿನ ಶಾಖದ ವಿಷಯದಲ್ಲಿ ಮಡಿಕೇರಿಯವರಿಗೆ ಒಂದು ಅನುಕೂಲವಿದೆ. ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 96 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯುತ್ತದೆ. ಕಾಫಿಗೆ ಬೇಕಾದ ಶಾಖವೂ ಸರಿಸುಮಾರು ಅದೇ ಆದ್ದರಿಂದ, ಕುದಿಯುವ ನೀರನ್ನು ಆರಿಸದೆ ನೇರವಾಗಿ ಸುರಿಯಬಹುದು. ಆದರೆ ಆರಿಸದಿರುವುದಷ್ಟೇ ಅಲ್ಲ, ಆರಲು ಬಿಡಲೂಬಾರದು. ಡಿಸೆಂಬರಿನ ಬೆಳಗಿನಲ್ಲಿ ತಣ್ಣನೆಯ ಹಿತ್ತಾಳೆಗೆ ನೀರು ಸುರಿದರೆ ಪಾತ್ರೆಯೇ ಬಹಳಷ್ಟು ಶಾಖವನ್ನು ನುಂಗಿ ಡಿಕಾಕ್ಷನ್ ತೆಳ್ಳಗೆ ಇಳಿಯುತ್ತದೆ. ಹಾಗಾಗಿ ಖಾಲಿ ಫಿಲ್ಟರಿಗೆ ಮೊದಲು ಬಿಸಿನೀರು ಹಾಕಿ, ಚೆಲ್ಲಿ, ಒರೆಸಿ, ಆಮೇಲೆ ಪುಡಿ ತುಂಬುತ್ತೇವೆ. ಇಳಿದ ಡಿಕಾಕ್ಷನ್ ಇರುವ ಪಾತ್ರೆಯನ್ನು ಉರಿಯ ಮೇಲೆ ಇಡದೆ ಬಿಸಿನೀರಿನ ಕೊಳಗದೊಳಗೆ ಕೂರಿಸುತ್ತೇವೆ. ಇಳಿದ ಸಮಯವನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತೇವೆ. ಒಂದೂವರೆ ಗಂಟೆ ದಾಟಿದ್ದನ್ನು ಚೆಲ್ಲಬೇಕು. ಮೊದಲ ವಾರ ಹುಡುಗನಿಗೆ ಇದು ತೀರಾ ಕಷ್ಟವಾಯಿತು. “ಅಣ್ಣಾ, ಚೆಲ್ಲೋದಕ್ಕೆ ಕೈ ಬರಲ್ಲ” ಎಂದ. ನನಗೂ ಬರುತ್ತಿರಲಿಲ್ಲ. ಜನ ಕಡಿಮೆಯಿರುವ ಹೊತ್ತಿಗೆ ಕಾಲು ಕಿಲೋದಷ್ಟೇ ಇಳಿಸಲು ಶುರುಮಾಡಿದ ಮೇಲೆ ಚೆಲ್ಲುವ ಪ್ರಮೇಯವೇ ಕಡಿಮೆಯಾಯಿತು.

ಲೋಟಕ್ಕೆ ನೂರು ಮಿಲಿಲೀಟರ್ ಎಂದಿಟ್ಟುಕೊಂಡು, 25 ಹಿಡಿಯುವ ಒಂದೇ ಸೌಟಿನಲ್ಲಿ ಡಿಕಾಕ್ಷನ್, 75 ಹಾಲು, 8 ಗ್ರಾಂ ಸಕ್ಕರೆ ಎಂದು ಗೊತ್ತುಮಾಡಿದೆ. ‘ಸ್ಟ್ರಾಂಗ್’ ಕೇಳಿದವರಿಗೆ ಒಂದೂವರೆ ಸೌಟು. ಹಾಲು ನೂರಕ್ಕೆ ನಾಲ್ಕೂವರೆ ಕೊಬ್ಬಿನದು. ಪಾತ್ರೆಗೆ ಮೊದಲು ಸ್ವಲ್ಪ ನೀರು ಹಾಕಿ, ಆಮೇಲೆ ಹಾಲು ಸುರಿದರೆ ತಳ ಹಿಡಿಯುವುದು ಕಡಿಮೆ. ಕುದಿಯುತ್ತಿರುವ ಹಳೆಯ ಹಾಲಿಗೆ ಹೊಸ ಹಾಲು ಸೇರಿಸುತ್ತ ಹೋಗುವುದನ್ನು ನಿಲ್ಲಿಸಿದ್ದೇವೆ, ಏಕೆಂದರೆ ಗಂಟೆಗಟ್ಟಲೆ ಕಾದ ಹಾಲಿನ ಕೆನೆವಾಸನೆ ಹೊಸ ಹಾಲಿಗೂ ಅಂಟುತ್ತದೆ.

ಇಷ್ಟೆಲ್ಲ ಸರಿಹೋಯಿತು ಎನ್ನುವಾಗ ಜುಲೈ ಬಂತು. ಅರ್ಧ ಕಿಲೋ ಪುಡಿಯ ಡಿಕಾಕ್ಷನ್ ಇಳಿಯಲು 20ರಿಂದ 25 ನಿಮಿಷ ಸಾಕಾಗುತ್ತಿದ್ದುದು ಹಿತ್ತಾಳೆ ಫಿಲ್ಟರಿನಲ್ಲಿ 50 ನಿಮಿಷವಾಗತೊಡಗಿತು, ಇಳಿದದ್ದೂ ಒರಟಾದ ಕಹಿ. ಪುಡಿ ಸಣ್ಣಗಾಗಿದೆ ಎಂದು ನಾನು ಪುಡಿ ಕೊಡುವವರೊಡನೆ ಜಗಳವಾಡಿದೆ, ಅವರ ತಪ್ಪಿರಲಿಲ್ಲ. ತಪ್ಪು ಎರಡು ಕಡೆ ಇತ್ತು. ಅದನ್ನು ಬೇರ್ಪಡಿಸಲು ಸುಲಭವಾದ ಪರೀಕ್ಷೆಯೊಂದಿದೆ. ಪುಡಿ ಹಾಕದ ಖಾಲಿ ಫಿಲ್ಟರಿಗೆ ಎರಡು ಲೀಟರ್ ನೀರು ಹೊಯ್ದು, ಖಾಲಿಯಾಗಲು ಎಷ್ಟು ಹೊತ್ತು ಬೇಕೆಂದು ನೋಡುವುದು. ಹೊಸ ಫಿಲ್ಟರಿನಲ್ಲಿ ಹರಿದುಹೋದ ನೀರು ಹಳೆಯದರಲ್ಲಿ ಹನಿಹನಿಯಾಗಿ ನಿಂತಿತು. ಬೆಳಕಿಗೆ ಹಿಡಿದು ನೋಡಿದರೆ ತಳದ ತೂತುಗಳಲ್ಲಿ ಮೂರನೆಯ ಒಂದು ಪಾಲು ಮುಚ್ಚಿಹೋಗಿತ್ತು. ಕಾಫಿಯ ಜಿಡ್ಡಿಗೆ ಚಿಕೋರಿಯ ಅಂಟು ಸೇರಿ ಒಣಗಿದರೆ ಬರಿಯ ನೀರಿಗೆ ಅದು ಬಿಡುವುದಿಲ್ಲ. ಆದರೆ ಹೊಸ ಫಿಲ್ಟರಿನಲ್ಲೂ ಪುಡಿ ಹಾಕಿದಾಗ 35 ನಿಮಿಷ ಬೇಕಾಗುತ್ತಿತ್ತು, ಹಾಗಾದರೆ ಉಳಿದ ತಪ್ಪು ಪುಡಿಯದೇ. ಐದು ಕಿಲೋದ ಚೀಲವನ್ನು ಬಿಚ್ಚಿ ಮುಗಿಯುವವರೆಗೂ ಅದರಿಂದಲೇ ಬಳಸುತ್ತಿದ್ದೆವು. ಕೊಡಗಿನ ಮಳೆಗಾಲದ ಗಾಳಿಯಲ್ಲಿ ಚಿಕೋರಿ ತೇವವನ್ನು ಬೇಗ ಹೀರುತ್ತದೆ, ಪುಡಿ ಗಂಟುಕಟ್ಟಿ ನೀರಿಗೆ ಅಡ್ಡ ನಿಲ್ಲುತ್ತದೆ. ಬೆರಳ ನಡುವೆ ಹಿಸುಕಿದ ಪುಡಿ ಉದುರದೆ ಅಚ್ಚಿನಂತೆ ನಿಂತರೆ ತೇವವಾಗಿದೆ ಎಂದೇ ಅರ್ಥ. ಈಗ ಮಳೆಗಾಲದಲ್ಲಿ ಅರ್ಧ ಕಿಲೋದ ಮುಚ್ಚಿದ ಪೊಟ್ಟಣಗಳನ್ನೇ ತರಿಸಿ, ಇಳಿಸುವಾಗಲಷ್ಟೇ ಒಂದೊಂದನ್ನು ಒಡೆಯುತ್ತೇವೆ.

ತೂತು ಬಿಡಿಸುವ ಅವಸರದಲ್ಲಿ ನಾವೊಂದು ಎಡವಟ್ಟು ಮಾಡಿದೆವು. ಮನೆಗಳಲ್ಲಿ ಸ್ಟೀಲ್ ಫಿಲ್ಟರನ್ನು ಉರಿಗೆ ಹಿಡಿದು ಜಿಡ್ಡು ಸುಡುವ ರೂಢಿಯಿದೆ. ನಮ್ಮ ಹುಡುಗ ಹಿತ್ತಾಳೆಯದನ್ನೂ ಒಲೆಯ ಮೇಲೆ ಕವುಚಿಟ್ಟ. ಕಲಾಯಿಯೆಂದರೆ ತವರ, ಅದು 232 ಡಿಗ್ರಿಗೆ ಕರಗುತ್ತದೆ, ಗ್ಯಾಸಿನ ಉರಿ ಅದಕ್ಕಿಂತ ಎಷ್ಟೋ ಬಿಸಿ. ಒಳಗಿನ ಕಲಾಯಿ ಹನಿಗಟ್ಟಿ ಸರಿದು ಹಳದಿ ಲೋಹ ಕಾಣಿಸಿತು. ಕಾಫಿ ಹುಳಿಯುಳ್ಳ ಪಾನೀಯವಾದ್ದರಿಂದ ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಇಳಿಸಿದರೆ ಲೋಹವೂ ಅದರಲ್ಲಿ ಇಳಿಯುತ್ತದೆ, ನಾಲಗೆಗೆ ತಾಮ್ರದ ರುಚಿ ಹತ್ತುತ್ತದೆ. ಫಿಲ್ಟರನ್ನು ಮೈಸೂರಿಗೆ ಕಳುಹಿಸಿ ಕಲಾಯಿ ಹಾಕಿಸಿಕೊಂಡು ಬರುವವರೆಗೆ ಹನ್ನೆರಡು ದಿನ ಒಂದೇ ಫಿಲ್ಟರಿನಲ್ಲಿ ನಡೆಸಬೇಕಾಯಿತು. ಈಗ ಪ್ರತಿ ಬಾರಿಯೂ ಚರಟ ಒಣಗುವ ಮುನ್ನವೇ ತೆಗೆದು, ತಳದ ಹೊರಗಡೆಯಿಂದ ಬಿಸಿನೀರು ಹೊಯ್ದು ಮೆದು ಬ್ರಷ್ಷಿನಿಂದ ಉಜ್ಜುತ್ತೇವೆ. ವಾರಕ್ಕೊಮ್ಮೆ ರಾತ್ರಿ, ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೂರು ನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಿ ಕವುಚಿಡುತ್ತೇವೆ. ಪರಿಮಳದ ಸಾಬೂನು ಫಿಲ್ಟರಿಗೆ ತಾಗಬಾರದು. ಕಲಾಯಿಗೆ ತೆಂಗಿನ ನಾರೂ ಕಬ್ಬಿಣದ ನಾರೂ ಬೇಡ.

ಚಹಾದ ಮಾತು ಬೇಗ ಮುಗಿಯುತ್ತದೆ. ಮೂವತ್ತು ಲೋಟಕ್ಕೆ ಎರಡು ಲೀಟರ್ ನೀರು, 75 ಗ್ರಾಂ ಡಸ್ಟ್ ಪುಡಿ. ನೀರು ಚೆನ್ನಾಗಿ ಕುದಿಯುವಾಗ ಪುಡಿ ಹಾಕಿ ನಾಲ್ಕು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿ ಹಾಲು ಲೋಟಕ್ಕೆ 45 ಮಿಲಿಲೀಟರ್ ಲೆಕ್ಕದಲ್ಲಿ ಸೇರಿಸುತ್ತೇವೆ. ಪುಡಿಯನ್ನು ಪಾತ್ರೆಯಲ್ಲೇ ಬಿಟ್ಟು ದಿನವಿಡೀ ಕುದಿಸಿದರೆ ಒಗರು ಗಂಟಲಿಗೆ ಹತ್ತುತ್ತದೆ. ಸೋಸುವ ಬಟ್ಟೆಯನ್ನು ರಾತ್ರಿ ನೀರಿನಲ್ಲಿ ಕುದಿಸಿ ಒಣಗಿಸಬೇಕು. ಮಳೆಗಾಲದಲ್ಲಿ ಒಲೆಯ ಪಕ್ಕದಲ್ಲೇ ಒಣಗಬೇಕು, ಇಲ್ಲವಾದರೆ ಬೆಳಗಿನ ಮೊದಲ ಚಹಾಕ್ಕೇ ಮುಗ್ಗಲು ವಾಸನೆ.

ಇನ್ನು ಲೆಕ್ಕ, ನನಗೆ ಬಿದ್ದ ದರಗಳಲ್ಲಿ. ಅರ್ಧ ಕಿಲೋ ಪುಡಿಯಿಂದ ಸೌಟಿನ ಲೆಕ್ಕಕ್ಕೆ 60 ಲೋಟ ಆಗಬೇಕು, ಚೆಲ್ಲಿದ್ದು ಸೋರಿದ್ದು ಕಳೆದು 56 ಆಗುತ್ತದೆ. ಕಿಲೋಗೆ 680 ರೂಪಾಯಿಯಂತೆ ಲೋಟಕ್ಕೆ 6 ರೂಪಾಯಿ 7 ಪೈಸೆ ಪುಡಿ. ಲೀಟರಿಗೆ 54 ರೂಪಾಯಿಯ ಹಾಲಿನಿಂದ ಹನ್ನೆರಡು ಲೋಟ ಬರುವುದರಿಂದ ಹಾಲಿಗೆ ನಾಲ್ಕೂವರೆ, ಸಕ್ಕರೆಗೆ 36 ಪೈಸೆ. ಕಾಫಿ, ಚಹಾದ ಒಲೆಗೇ ಮೀಸಲಾದ 1,850 ರೂಪಾಯಿಯ ಸಿಲಿಂಡರ್ ಒಂಬತ್ತು ದಿನ ಬರುತ್ತದೆ, ಅಂದರೆ 3,600 ಲೋಟ, ಲೋಟಕ್ಕೆ 51 ಪೈಸೆ. ಸಾಮಾನಿನ ಖರ್ಚು ಒಟ್ಟು 11 ರೂಪಾಯಿ 44 ಪೈಸೆ. ಇಬ್ಬರು ಕೆಲಸದವರ ದಿನದ ಕೂಲಿ 1,300ನ್ನು 400 ಲೋಟಕ್ಕೆ ಹಂಚಿದರೆ ಇನ್ನೂ 3 ರೂಪಾಯಿ 25 ಪೈಸೆ. 20 ರೂಪಾಯಿಯ ಕಾಫಿಯಲ್ಲಿ ಬಾಡಿಗೆ, ಕರೆಂಟು, ನನ್ನ ಪಾಲು ಎಲ್ಲಕ್ಕೂ ಉಳಿಯುವುದು ಐದೂಕಾಲು ರೂಪಾಯಿ. ಹಳೆಯ ಕ್ರಮದಲ್ಲಿ ಪುಡಿಯೊಂದಕ್ಕೇ 6 ರೂಪಾಯಿ 80 ಪೈಸೆ ಹೋಗುತ್ತಿತ್ತು. ಲೋಟಕ್ಕೆ ಉಳಿದ 73 ಪೈಸೆಯಿಂದ ದಿನಕ್ಕೆ ಸುಮಾರು 180 ರೂಪಾಯಿಯಾಗಿ, ಎರಡನೆಯ ಫಿಲ್ಟರಿನ ಹಣ ಒಂದು ತಿಂಗಳೊಳಗೆ ಬಂದುಬಿಟ್ಟಿತು.

ಚಹಾದಲ್ಲಿ ಪುಡಿಗೆ 85 ಪೈಸೆ, ಹಾಲಿಗೆ 2 ರೂಪಾಯಿ 70, ಸಕ್ಕರೆ ಮತ್ತು ಗ್ಯಾಸು ಸೇರಿ ಸಾಮಾನಿಗೆ ನಾಲ್ಕೂವರೆ ರೂಪಾಯಿಯೊಳಗೇ ಮುಗಿಯುತ್ತದೆ. ಕೂಲಿ ಕಳೆದರೂ 15 ರೂಪಾಯಿಯ ಲೋಟದಲ್ಲಿ ಏಳೂಕಾಲು ಉಳಿಯುತ್ತದೆ. ಸುತ್ತಲೂ ಕಾಫಿ ತೋಟಗಳಿರುವ ಊರಿನಲ್ಲಿ ಕಾಫಿಗಿಂತ ಚಹಾದಲ್ಲೇ ಹೆಚ್ಚು ಉಳಿಯುತ್ತದೆ ಎಂದರೆ ಪ್ರವಾಸಿಗರು ನಂಬುವುದಿಲ್ಲ. ಪುಡಿಯ ದರ ಕಿಲೋಗೆ ನೂರು ರೂಪಾಯಿ ಏರಿದರೆ ಕಾಫಿಯ ಐದೂಕಾಲಿನಲ್ಲಿ 90 ಪೈಸೆ ಹೋಗುತ್ತದೆ. ಆಗ ಚಿಕೋರಿ ಹೆಚ್ಚಿಸಿ ಎಂದು ಸಲಹೆ ಕೊಟ್ಟವರಿದ್ದಾರೆ. ಒಂದು ವಾರ ಮೂವತ್ತು ಪಾಲಿಗೆ ಏರಿಸಿಯೂ ನೋಡಿದೆ, ಬಣ್ಣ ಗಾಢವಾಯಿತು, ಫಿಲ್ಟರ್ ಮತ್ತೆ ನಿಧಾನವಾಯಿತು. ಮೇಷ್ಟ್ರು ಏನೂ ಹೇಳಲಿಲ್ಲ, ಮೂರನೆಯ ದಿನ ಚಹಾ ಕೇಳಿದರು. ಮುಂದಿನ ಸೋಮವಾರ ಹಳೆಯ ಪುಡಿಯನ್ನೇ ತರಿಸಿದೆ.