ಸ್ಕ್ರೀನ್‌ಶಾಟ್‌ಗೆ ಸಿಕ್ಕರೂ ಮಾನ ಕಳೆಯದ ತುಂಟ ಮೆಸೇಜ್ ಬರೆಯುವುದು ಹೇಗೆ?

ಒಂದು ಗಂಟೆ ನಡೆದ ಹರಟೆಯಲ್ಲಿ ಸ್ಕ್ರೀನ್‌ಶಾಟ್‌ಗೆ ಸಿಗುವುದು ಒಂದು ಪರದೆಯಷ್ಟು ಮಾತ್ರ. ಹಂಚುವವರು ಅದನ್ನೂ ಕತ್ತರಿಸುತ್ತಾರೆ. ಎದುರಿನವರು ಮೊದಲು ಕಿಚಾಯಿಸಿದ್ದು, ನಡುವೆ ಬಂದ ನಗು ಎಲ್ಲ ಹೊರಗೇ ಉಳಿದು, ಮೇಲೆ ನಿಮ್ಮ ಹೆಸರು ಮತ್ತು ಡಿಪಿ, ಕೆಳಗೆ ‘11:48 ರಾತ್ರಿ’ ಎಂಬ ಸಮಯದ ಜತೆ ಒಂಟಿ ಸಾಲೊಂದು ಊರು ಸುತ್ತುತ್ತದೆ. ಹಾಗಾಗಿ ಪ್ರತಿ ಮೆಸೇಜೂ ಹಿಂದುಮುಂದಿನ ಮಾತಿಲ್ಲದೆ ಒಂಟಿಯಾಗಿ ನಿಲ್ಲುವಂತಿರಬೇಕು. ಇಡೀ ಕಸುಬು ಇಷ್ಟೇ.

ಒಂದು ಉದಾಹರಣೆ ನೋಡೋಣ. ಮೈಸೂರಿನ ಮದುವೆಮನೆಯಲ್ಲಿ ಇಬ್ಬರಿಗೆ ಪರಿಚಯವಾಗಿದೆ, ನಂಬರ್ ವಿನಿಮಯವೂ ಆಗಿದೆ. ಮಾರನೆಯ ದಿನ ಆತ ಹೀಗೆ ಬರೆಯುತ್ತಾನೆ:

‘ನಿನ್ನೆ ಹಸಿರು ಸೀರೆಯಲ್ಲಿ ನಿಮ್ಮನ್ನ ನೋಡಿ ರಾತ್ರಿಯೆಲ್ಲಾ ನಿದ್ದೆನೇ ಇಲ್ಲ. ನಿಮ್ಮ ಅತ್ತೆ ಕಾವಲು ಕೂತಿದ್ರು, ಇಲ್ಲಾಂದ್ರೆ...’

ಇಲ್ಲಿ ಮೊದಲು ಎಡವಿದ್ದು ಆ ಮೂರು ಚುಕ್ಕಿ. ಅರ್ಧಕ್ಕೆ ಬಿಟ್ಟ ಮಾತನ್ನು ಆಕೆ ನಕ್ಕು ತುಂಬಿಕೊಳ್ಳಬಹುದು. ಆಕೆಯ ಅಣ್ಣ ಬೇರೆಯದೇ ತುಂಬುತ್ತಾನೆ. ಸಾಲದ್ದಕ್ಕೆ ಅತ್ತೆಯನ್ನೂ ಎಳೆದು ತಂದಾಗಿದೆ. ಮಾತಿಗೆ ಸಂಬಂಧವಿಲ್ಲದ ಮೂರನೆಯವರು ಬಂದರೆ ಅದನ್ನು ಇನ್ನೊಬ್ಬರಿಗೆ ತೋರಿಸಲು ಒಂದು ನೆಪ ಸಿಕ್ಕಿತೆಂದೇ ಲೆಕ್ಕ. ಅದನ್ನೇ ಹೀಗೆ ತಿದ್ದಬಹುದು:

‘ನಿಮ್ಮ ಹಸಿರು ಸೀರೆ ನೋಡ್ತಾ ಎರಡನೇ ಒಬ್ಬಟ್ಟು ಹಾಕಿಸ್ಕೊಳ್ಳೋದೇ ಮರೆತೆ. ಆ ನಷ್ಟಕ್ಕೆ ಭಾನುವಾರ ಒಂದು ಕಾಫಿ ಕೊಡಿಸ್ತೀರಾ? ಬೇಡ ಅಂದ್ರೂ ಬೇಜಾರಿಲ್ಲ, ಒಬ್ಬಟ್ಟು ನನ್ನ ಹಣೇಲಿ ಬರೆದಿರ್ಲಿಲ್ಲ ಅಷ್ಟೇ.’

ಹೊಗಳಿಕೆ, ಪ್ರಶ್ನೆ, ‘ಬೇಡ’ ಎನ್ನಲು ದಾರಿ ಮೂರೂ ಒಂದೇ ಮೆಸೇಜಿನಲ್ಲಿವೆ. ಮೂರು ತುಂಡು ಮಾಡಿ ಕಳಿಸಿದ್ದರೆ ಮೊದಲ ತುಂಡನ್ನು ಮಾತ್ರ ಕತ್ತರಿಸುವುದು ಸುಲಭವಾಗುತ್ತಿತ್ತು. ತುಂಟತನವೂ ಆಕೆಯ ಮೈಮೇಲಿನಿಂದ ಬರೆದವನ ಹೊಟ್ಟೆಬಾಕತನದ ಮೇಲೆ ಹೊರಳಿದೆ. ಇದು ಆಫೀಸ್ ಗ್ರೂಪಿಗೆ ಬಿದ್ದರೆ ನಾಲ್ಕು ದಿನ ‘ಒಬ್ಬಟ್ಟು’ ಎಂದು ಕರೆಸಿಕೊಳ್ಳಬೇಕಾದೀತು, ಅದಕ್ಕಿಂತ ಹೆಚ್ಚೇನಿಲ್ಲ. ಉತ್ತರ ಬರದಿದ್ದರೆ ಎರಡನೆಯದನ್ನು ಕಳಿಸಬೇಡಿ. ಉತ್ತರವಿಲ್ಲದ ಐದು ಮೆಸೇಜುಗಳ ಸಾಲು, ಒಳಗೆ ಏನೇ ಬರೆದಿರಲಿ, ಕಾಟ ಕೊಟ್ಟಂತೆಯೇ ಕಾಣುತ್ತದೆ.

ಕಳಿಸಿದ ಮೇಲೆ ಅಳಿಸಬಹುದಲ್ಲ ಎಂಬ ಧೈರ್ಯ ಬೇಡ. ವಾಟ್ಸ್ಆ್ಯಪ್‌ನಲ್ಲಿ ತಿದ್ದಲು 15 ನಿಮಿಷ, ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ತುಸು ಹೆಚ್ಚು ಸಮಯವಿದೆ. ಆದರೆ ನೋಟಿಫಿಕೇಶನ್‌ನಲ್ಲಿ ಓದಿಯಾಗಿದ್ದರೆ ಓದಿಯಾಯಿತು. ತಾನಾಗಿ ಮಾಯವಾಗುವ ಮೆಸೇಜಿನ ಕತೆಯೂ ಅಷ್ಟೇ: 24 ಗಂಟೆಯ ಗಡುವಿಟ್ಟರೂ ಅಷ್ಟರೊಳಗೆ ಸ್ಕ್ರೀನ್‌ಶಾಟ್ ತೆಗೆಯಬಹುದು, ತೆಗೆದದ್ದು ನಿಮಗೆ ಗೊತ್ತಾಗುವುದಿಲ್ಲ.

ಮಾತಿಗಾದರೆ ಈ ಉಪಾಯಗಳುಂಟು, ಖಾಸಗಿ ಫೋಟೊಗೆ ಯಾವುದೂ ಇಲ್ಲ. ಒಮ್ಮೆ ಮಾತ್ರ ನೋಡುವ ‘ವ್ಯೂ ಒನ್ಸ್’ ಸ್ಕ್ರೀನ್‌ಶಾಟನ್ನು ತಡೆಯುತ್ತದೆ, ಪಕ್ಕದಲ್ಲಿ ಹಿಡಿದ ಇನ್ನೊಂದು ಮೊಬೈಲನ್ನಲ್ಲ. ಸಾಮಾನ್ಯ ಫೋಟೊವಾದರೆ ಕಳಿಸಿದವರಿಗೆ ತಿಳಿಯದ ದಾರಿಯೊಂದಿದೆ. ಪಡೆದವರ ಫೋನ್ ಅದನ್ನು ಗ್ಯಾಲರಿಗೆ ಇಳಿಸುತ್ತದೆ, ಗ್ಯಾಲರಿಯ ಆ ಫೋಲ್ಡರ್ ಬ್ಯಾಕಪ್‌ನಲ್ಲಿದ್ದರೆ ಫೋಟೊ ಕ್ಲೌಡ್‌ಗೆ ಏರುತ್ತದೆ, ಅದೇ ಖಾತೆ ಮನೆಯ ಟ್ಯಾಬ್‌ನಲ್ಲೂ ತೆರೆದಿದ್ದರೆ ಅಲ್ಲಿಯೂ ಕಾಣುತ್ತದೆ. ಯಾರ ಮನಸ್ಸಿನಲ್ಲೂ ಕೇಡಿಲ್ಲದೆಯೇ ಹೀಗಾಗಬಹುದು. ಮುಖ ಮುಚ್ಚಿದರೆ ಸಾಕೆನ್ನುವವರು ಮಚ್ಚೆ, ಹಚ್ಚೆ, ಹಿಂದಿನ ಕಿಟಕಿಯ ಗ್ರಿಲ್ ಇವನ್ನು ಮರೆಯುತ್ತಾರೆ. ಬಲ್ಲವರಿಗೆ ಅಷ್ಟೇ ಗುರುತು ಸಾಕು. ಯಾರಾದರೂ ಕೇಳಿದರೆ ‘ಫೋಟೊ ಇಲ್ಲ, ಬೇಕಾದ್ರೆ ಭಾನುವಾರ ಕಾಫಿಗೆ ನಾನೇ ಬರ್ತೀನಿ’ ಎಂದು ನಗುತ್ತಲೇ ಜಾರಿಕೊಳ್ಳಿ. ಮತ್ತೆ ಮತ್ತೆ ಒತ್ತಾಯಿಸಿದರೆ ಆ ಕಾಫಿಯೂ ಬೇಡ. ಇನ್ನು 18 ತುಂಬದವರ ಅಂಥ ಚಿತ್ರ ಇಟ್ಟುಕೊಳ್ಳುವುದು, ಕಳಿಸುವುದು ಅಪರಾಧ. ಪ್ರೀತಿ, ಒಪ್ಪಿಗೆ ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ಈಗಾಗಲೇ ಕಳಿಸಿದ್ದು, ಹಂಚುತ್ತೇನೆಂದು ಬೆದರಿಕೆ ಬಂದಿದ್ದರೆ ಹಣ ಕೊಡಬೇಡಿ. ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದ ಮಹಿಳೆಯ ಖಾಸಗಿ ಚಿತ್ರವನ್ನು ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಗಂಡು ಹೆಣ್ಣೆನ್ನದೆ ಎಲ್ಲರಿಗೂ ಅನ್ವಯಿಸುತ್ತದೆ. ಬೆದರಿಕೆಯ ಚಾಟ್, ನಂಬರ್, ಪ್ರೊಫೈಲ್ ಲಿಂಕ್ ಉಳಿಸಿಕೊಂಡು cybercrime.gov.in ತಾಣದಲ್ಲಿ ದೂರು ಕೊಡಿ. ಆಮೇಲೆ ಬ್ಲಾಕ್ ಮಾಡಿ. ಗಾಬರಿಯಲ್ಲಿ ಹಲವರು ಮೊದಲು ಅಳಿಸುವುದು ತಮ್ಮಲ್ಲಿರುವ ಮೂಲ ಫೋಟೊವನ್ನೇ. ಅದನ್ನು ಇಟ್ಟುಕೊಳ್ಳಿ. ವಯಸ್ಕರಿಗಾಗಿ ಇರುವ StopNCII.org ತಾಣ ಆ ಫೋಟೊದಿಂದ ನಿಮ್ಮ ಫೋನಿನಲ್ಲೇ ಒಂದು ಡಿಜಿಟಲ್ ಬೆರಳಚ್ಚು ತಯಾರಿಸಿ, ಅದನ್ನಷ್ಟೇ ತನ್ನ ಜತೆಗಿರುವ ಕಂಪನಿಗಳಿಗೆ ಕಳಿಸುತ್ತದೆ. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ.