ಜಾಕೆಟ್ ಹೊಸದು, ಬಿಸಿಲು ಹಳೆಯದು

ತಂಗಿಯ ಮಗ ಕವಲೇದುರ್ಗದಲ್ಲಿ ಬೆಳಗಿನ ಬಿಸಿಲಿಗೆ ಬರೀ ಶರ್ಟಿನಲ್ಲಿ ಫೋಟೊ ತೆಗೆಸಿಕೊಂಡಿದ್ದ. ಆಮೇಲೆ ಎಐಯಿಂದ ಅದಕ್ಕೊಂದು ಕಂದು ಜಾಕೆಟ್ ಹಾಕಿಸಿದ. ಹೊಲಿಗೆ, ಜಿಪ್ಪು ಎಲ್ಲ ಸರಿ ಇತ್ತು. ಆದರೂ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿತ್ತು. ಕಾರಣ ಸುಲಭ: ಮುಖದ ಮೇಲೆ ಬಿಸಿಲು ಎಡದಿಂದ, ಜಾಕೆಟ್ಟಿನ ಮೇಲೆ ಬಲದಿಂದ!

ಮೊದಲು ಬಿಸಿಲು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಮೂಗಿನ ನೆರಳು ಯಾವ ಕೆನ್ನೆಗೆ ಬಿದ್ದಿದೆ? ನೆಲದ ಮೇಲಿನ ನೆರಳು ಕಾಲಿಂದ ಯಾವ ಕಡೆ ಚಾಚಿದೆ? ನಮ್ಮದರಲ್ಲಿ ಎರಡೂ ಬಲಕ್ಕೆ. ಜಾಕೆಟ್ ಮಾತ್ರ ಬೇರೆ ಲೇಯರ್‌ನಲ್ಲಿದ್ದರೆ ಅದನ್ನು ಎಡಬಲ ತಿರುಗಿಸಿಬಿಡಬಹುದು. ಆದರೆ ಎದೆಯ ಮೇಲೆ ಅಕ್ಷರವೋ ಗುಂಡಿಯೋ ಇದ್ದರೆ ಅದೂ ತಿರುಗುತ್ತದೆ, ನೋಡಿಕೊಳ್ಳಿ.

ನಾವು ತಿರುಗಿಸಲಿಲ್ಲ. ಬೆಳಕು ಮಂಕಾಗಿರುವ, ನೆರಳಿಲ್ಲದ ಜಾಕೆಟ್ ಬೇಕು ಅಂತ ಬರೆದು ಇನ್ನೊಮ್ಮೆ ಮಾಡಿಸಿದೆವು. ತಪ್ಪು ನೆರಳನ್ನು ಅಳಿಸುವುದಕ್ಕಿಂತ ಇಲ್ಲದ ನೆರಳನ್ನು ಬರೆಯುವುದೇ ಸಲೀಸು.

ಎಷ್ಟು ಕಪ್ಪು ಮಾಡಬೇಕು? ಇದನ್ನು ಅಂದಾಜಿಗೆ ಬಿಡಬೇಡಿ, ಪ್ಯಾಂಟನ್ನೇ ಕೇಳಿ. ಬಣ್ಣ ತೋರಿಸುವ ಡ್ರಾಪರ್ ಇಟ್ಟು ನೋಡಿದಾಗ ಪ್ಯಾಂಟಿನ ಬಿಸಿಲಿನ ಬದಿಯ ಹೊಳಪು 64 ಇತ್ತು, ನೆರಳಿನ ಬದಿಯದು 28. ಅಂದರೆ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಜಾಕೆಟ್ಟಿನ ಬಿಸಿಲಿನ ಬದಿ 50 ಇದ್ದರೆ ಬಲಬದಿ 22ರ ಹತ್ತಿರ ಬರಬೇಕು. ಹೊಳಪು ಏರಿಸಿ ಇಳಿಸುವ Curves ಲೇಯರ್ ಒಂದನ್ನು ಜಾಕೆಟ್ಟಿಗೆ ಮಾತ್ರ ಕಟ್ಟಿ, ಮಾಸ್ಕ್ ಮೇಲೆ ಮೆತ್ತನೆಯ ಬ್ರಷ್‌ನಿಂದ ಬಲತೋಳು, ಬಲಪಕ್ಕೆ, ಮಡಿಕೆಗಳ ಬಲಬದಿಯನ್ನು ಇಳಿಸುತ್ತಾ ಬಂದೆವು.

ಇನ್ನು ಬೀಳುವ ನೆರಳು. ಗದ್ದದ್ದು ಕಾಲರ್ ಮೇಲೆ, ಜಾಕೆಟ್ಟಿನ ಕೆಳ ಅಂಚಿನದು ಪ್ಯಾಂಟಿನ ಮೇಲೆ, ತೋಳಿನ ತುದಿಯದು ಮಣಿಕಟ್ಟಿನ ಮೇಲೆ. ಜಾಕೆಟ್ ಅಂಟಿಸಿದ ಹಾಗೆ ಕಾಣುವುದು ಜಾಸ್ತಿ ಇವು ಇಲ್ಲದ್ದರಿಂದಲೇ. ಹೊಸ ಲೇಯರ್ ಹಾಕಿ, ಕೆಳಗಿನ ಬಣ್ಣವನ್ನು ಗಾಢ ಮಾಡುವ Multiply ಆರಿಸಿ ಬರೆಯಿರಿ. ಸುಮ್ನೆ ಕಪ್ಪು ಬಳಿದರೆ ಮಸಿ ಹತ್ತಿದ ಹಾಗಿರುತ್ತದೆ. ತೆರೆದ ಆಕಾಶದ ಕೆಳಗಿನ ನೆರಳಿಗೆ ಕೊಂಚ ನೀಲಿ ಇರುತ್ತದೆ, ಅಡಿಕೆ ತೋಟದ ಒಳಗಾದರೆ ಹಸಿರು. ಬಟ್ಟೆ ತಾಗಿದಲ್ಲಿ ನೆರಳಿನ ಅಂಚು ಚೂಪು, ದೂರ ಹೋದಂತೆ ಮಸುಕು. ಗದ್ದ ಕಾಲರ್‌ಗಿಂತ ಮೇಲಿರುವುದರಿಂದ ಅದರ ನೆರಳನ್ನು ಸ್ವಲ್ಪ ಬ್ಲರ್ ಮಾಡಿದೆವು, ಅಂಚಿನದನ್ನು ಮಾಡಲಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡಾಗ ತಂಗಿ ನೆಲ ತೋರಿಸಿದಳು. ಮೈಮೇಲೆ ದಪ್ಪ ಜಾಕೆಟ್, ಕಲ್ಲುಹಾಸಿನ ಮೇಲೆ ಮಾತ್ರ ಶರ್ಟಿನ ಸಣಕಲು ನೆರಳು! ಹತ್ತಿರದ ನೆರಳನ್ನೇ ಕ್ಲೋನ್ ಮಾಡಿ ಭುಜ, ತೋಳಿನ ಕಡೆ ಅಗಲಿಸಿದೆವು. ಹಾಗೆ ಮಾಡಿದರೆ ಕಲ್ಲಿನ ತರಿಯೂ ಉಳಿಯುತ್ತದೆ.

ಕೊನೆಗೆ ಚಿತ್ರವನ್ನು ಒಮ್ಮೆ ಕಪ್ಪುಬಿಳುಪು ಮಾಡಿ ನೋಡಿ. ಬಣ್ಣ ಹೋದಾಗ ಬೆಳಕಿನ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಅಂದಹಾಗೆ, ಆಗುಂಬೆಯ ಮಂಜಿನಲ್ಲಿ ತೆಗೆದ ಫೋಟೊಗೆ ಈ ಚೂಪು ನೆರಳೆಲ್ಲ ಬೇಡ. ಅಲ್ಲಿ ಬೆಳಕು ಎಲ್ಲ ಕಡೆಯಿಂದ ಬರುತ್ತದೆ. ಕಾಲರ್ ಒಳಗೆ, ಕಂಕುಳಲ್ಲಿ ಒಂಚೂರು ಮಬ್ಬು ಕೊಟ್ಟರೆ ಸಾಕು.