ಯಾವ ಸೇತುವೆ ದಾಟಿದ್ರಿ ಅಣ್ಣ?

ಮೂರ್ನಾಡಿನಿಂದ ವಿರಾಜಪೇಟೆಗೆ ಹೋಗುವ ರಸ್ತೆಯಲ್ಲಿ, ಬೇತ್ರಿಗಿಂತ ಮೊದಲು ಸಿಗುವ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ ಬರೆಯುವುದು, ಚೀಲ ಲೆಕ್ಕ ಇಡುವುದು, ಬಟವಾಡೆ ನೋಡಿಕೊಳ್ಳುವುದು ನನ್ನ ಕೆಲಸ. ಕೊಯ್ಲು ಶುರುವಾದರೆ ಇದರ ಜೊತೆಗೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ಅದು ಫೋನಿನಲ್ಲಿ ದಾರಿ ಹೇಳುವುದು. ಕಾಫಿ ತುಂಬಲು ಬರುವ ಲಾರಿಯವರು, ಗೊಬ್ಬರ ತರುವವರು, ಪಂಪ್ ರಿಪೇರಿಯವರು ಎಲ್ಲರೂ ನನಗೇ ಫೋನ್ ಮಾಡುತ್ತಾರೆ.

ಲೊಕೇಶನ್ ಕಳಿಸಿದರೆ ಸಾಕಲ್ವಾ ಅಂತ ಕೇಳಬಹುದು. ಕಳಿಸುತ್ತೇನೆ. ಆದರೆ ಮ್ಯಾಪ್‌ಗೆ ಜೀಪ್ ದಾರಿಯೂ ಒಂದೇ, ಲಾರಿ ದಾರಿಯೂ ಒಂದೇ. ನಮ್ಮ ತೋಟಕ್ಕೆ ಹಿಂದಿನಿಂದ ಒಂದು ಕಿರುದಾರಿ ಇದೆ, ಅದು ಹತ್ತಿರ ಅಂತ ಮ್ಯಾಪ್ ಅಲ್ಲಿಗೇ ಎಳೆಯುತ್ತದೆ. ಲೋಡ್ ಲಾರಿ ಅಲ್ಲಿ ಇಳಿದರೆ ಹತ್ತಿಸಲು ಟ್ರ್ಯಾಕ್ಟರ್ ಬೇಕು. ಮೇಲಾಗಿ ಇಳಿಜಾರಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕೊನೆಗೆ ಬಾಯಿಮಾತೇ ಗತಿ.

ದಾರಿ ಹೇಳುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಈಗ ಎಲ್ಲಿದ್ದೀರಿ, ಯಾವ ಕಡೆಯಿಂದ ಬಂದಿರಿ? ಇದು ಸುಲಭದ ಪ್ರಶ್ನೆ ಅನ್ನಿಸುತ್ತದೆ. ಉತ್ತರ ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮೈಸೂರಿನಿಂದ ಹೊರಟವರು ಹುಣಸೂರಿನವರೆಗೆ ಒಂದೇ ರಸ್ತೆಯಲ್ಲಿ ಬರುತ್ತಾರೆ. ಅಲ್ಲಿಂದ ಕೆಲವರು ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ಕಡೆಯಿಂದ ಮೂರ್ನಾಡಿಗೆ ಬರುತ್ತಾರೆ. ಇನ್ನು ಕೆಲವರು ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ ಕಡೆಯಿಂದ ಬರುತ್ತಾರೆ. ಮಡಿಕೇರಿ ಕಡೆಯಿಂದ ಬಂದವರಿಗೆ ನಮ್ಮ ತೋಟದ ತಿರುವು ಎಡಕ್ಕೆ. ವಿರಾಜಪೇಟೆ ಕಡೆಯಿಂದ ಬಂದವರಿಗೆ ಅದೇ ತಿರುವು ಬಲಕ್ಕೆ. ಇದು ಗೊತ್ತಾಗದೆ ನಾನು ಎಡ ಬಲ ಅಂತ ಏನು ಹೇಳಿದರೂ ಉಪಯೋಗ ಇಲ್ಲ.

ಇಲ್ಲಿ ಒಂದು ಮೋಸದ ಗುರುತು ಇದೆ. ಹೊರಗಿನ ಡ್ರೈವರ್‌ಗಳು ಕೊಡಗಿನಲ್ಲಿ ಮೊದಲು ಗಮನಿಸುವುದು ಕಾವೇರಿ ಸೇತುವೆ. "ಕಾವೇರಿ ದಾಟಿದೆ ಸಾರ್, ಇನ್ನೆಷ್ಟು ದೂರ?" ಅಂತ ಕೇಳುತ್ತಾರೆ. ಕಾವೇರಿಯನ್ನು ಎರಡು ದಾರಿಯಲ್ಲೂ ದಾಟಬೇಕು. ಕುಶಾಲನಗರದ ದಾರಿಯಲ್ಲಿ ಕೊಪ್ಪದ ಸೇತುವೆ, ವಿರಾಜಪೇಟೆ ದಾರಿಯಲ್ಲಿ ಬೇತ್ರಿ ಸೇತುವೆ. ಬೇತ್ರಿ ದಾಟಿದವರಿಗೆ ನಮ್ಮ ತೋಟ ಬಂದೇಬಿಟ್ಟಿತು ಅನ್ನಬೇಕು. ಕೊಪ್ಪ ದಾಟಿದವರು ಮಾತ್ರ ಇನ್ನೂ ಕೊಡಗಿನ ಬಾಗಿಲಲ್ಲೇ ಇದ್ದಾರೆ. ಕುಶಾಲನಗರದಿಂದ ಮಡಿಕೇರಿಗೇ ಸುಮಾರು 30 ಕಿಲೋಮೀಟರ್, ಅಲ್ಲಿಂದ ಮೂರ್ನಾಡು ಬೇರೆ. ಅದಕ್ಕೇ ಸೇತುವೆ ಅಂದ ತಕ್ಷಣ ನಾನು ಕೇಳುವುದು ಇಷ್ಟು: "ಯಾವ ಸೇತುವೆ ಅಣ್ಣ? ದಾಟಿದ ಕೂಡಲೇ ದೊಡ್ಡ ಪೇಟೆ ಸಿಕ್ತಾ, ಇಲ್ಲ ತೋಟಾನೇ ಸಿಕ್ತಾ?" ಸೇತುವೆಯ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಪೇಟೆ ಬಂತೋ ಇಲ್ಲವೋ ಅನ್ನುವುದು ಖಂಡಿತ ಗೊತ್ತಿರುತ್ತದೆ.

ಹೋದ ಕೊಯ್ಲಿನಲ್ಲಿ ಒಬ್ಬ ಡ್ರೈವರ್ ಸಂಜೆ ಫೋನ್ ಮಾಡಿದ. ಪೇಟೆ ಸಿಕ್ತು ಅಂದ. ಅಂದರೆ ಕುಶಾಲನಗರ. ಆಗ ನಾನು ತೋಟದ ತಿರುವಿನ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಗಂಟೆಗೂ ಮೀರಿದ ದಾರಿ ಇದ್ದಾಗ ಕೊನೆಯ ತಿರುವನ್ನು ಹೇಳಿದರೆ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಬೋರ್ಡ್‌ನಲ್ಲಿ ಮಡಿಕೇರಿ ನೋಡಿಕೊಂಡು ಬನ್ನಿ, ಸುಂಟಿಕೊಪ್ಪ ನಡುವೆ ಸಿಗುತ್ತೆ ಅಂದೆ. ಮಡಿಕೇರಿ ಪೇಟೆಯೊಳಗಿನ ತಿರುವುಗಳನ್ನು ಫೋನಿನಲ್ಲಿ ಹೇಳುವ ಗೋಜಿಗೆ ನಾನು ಹೋಗುವುದಿಲ್ಲ. ಅಲ್ಲಿ ಯಾರನ್ನಾದರೂ ವಿರಾಜಪೇಟೆ ರೋಡ್ ಯಾವುದು ಅಂತ ಕೇಳಿ ಅಂದೆ. ಪೇಟೆ ಬಿಟ್ಟ ಮೇಲೆ ಮೇಕೇರಿಯಲ್ಲಿ ರಸ್ತೆ ಕವಲಾಗುತ್ತದೆ, ಬಲಕ್ಕೆ ಭಾಗಮಂಡಲ, ಆ ಕಡೆ ಬೇಡ, ವಿರಾಜಪೇಟೆ ಕಡೆಗೇ ಬನ್ನಿ. ಮೂರ್ನಾಡು ಪೇಟೆಯಲ್ಲಿ ಗಾಡಿ ನಿಲ್ಲಿಸಿ ನನಗೆ ಫೋನ್ ಮಾಡಿ. ಅಲ್ಲಿ ಸಿಗ್ನಲ್ ಇರುತ್ತೆ, ಮುಂದೆ ಇರಲ್ಲ.

ಅದನ್ನು ಹೇಳಿ ಫೋನ್ ಇಟ್ಟೆ. ಮುಂದಿನ ಫೋನ್ ಎಲ್ಲಿಂದ ಬರಬೇಕು ಅನ್ನುವುದನ್ನು ನಾನೇ ಗೊತ್ತುಮಾಡುತ್ತೇನೆ. ಡ್ರೈವರ್‌ಗೆ ಬಿಟ್ಟರೆ ಅವರು ದಾರಿ ತಪ್ಪಿದ ಮೇಲೆ ಫೋನ್ ಮಾಡುತ್ತಾರೆ, ಅದೂ ಸಿಗ್ನಲ್ ಸಿಕ್ಕರೆ.

ಮೂರ್ನಾಡಿನಿಂದ ಅವನ ಫೋನ್ ಬಂದಾಗ ಕತ್ತಲಾಗಿತ್ತು, ಮಂಜು ಬೇರೆ. ಇಲ್ಲಿಂದ ನಾನು ಹೇಳುವ ಗುರುತುಗಳು ಹಗಲಿಗೆ ಬೇರೆ, ರಾತ್ರಿಗೆ ಬೇರೆ. ಹಗಲಿಗೆ ತಿರುವಿನ ಹತ್ತಿರದ ದೊಡ್ಡ ಹಲಸಿನ ಮರ ಒಳ್ಳೆಯ ಗುರುತು. ಮಂಜಿನಲ್ಲಿ ಮರ ಯಾರಿಗೆ ಕಾಣುತ್ತದೆ? ರಾತ್ರಿಗೆ ಹೆಡ್‌ಲೈಟ್ ಬೆಳಕಿಗೆ ಸಿಗುವಂಥದ್ದು ಬೇಕು, ಇಲ್ಲವೇ ಸ್ಟೇರಿಂಗ್ ಹಿಡಿದ ಕೈಗೆ ಗೊತ್ತಾಗುವಂಥದ್ದು ಬೇಕು. ಉದ್ದದ ಇಳಿಜಾರು, ಹಂಪ್, ಸುಣ್ಣ ಬಳಿದ ಮೋರಿಯ ಗೋಡೆ ಇಂಥವು. "ಕಾಫಿ ತೋಟ ದಾಟಿ" ಅಂತ ಇಲ್ಲಿ ಯಾರಾದರೂ ದಾರಿ ಹೇಳಿದರೆ ನನಗೆ ನಗು ಬರುತ್ತದೆ. ಕೊಡಗಿನಲ್ಲಿ ಕಾಫಿ ತೋಟ ದಾಟದೆ ಎಲ್ಲಿಗೆ ಹೋಗುತ್ತೀರಿ?

ಅವನಿಗೆ ಹೇಳಿದ್ದು ಹೀಗೆ. "ನಾಪೋಕ್ಲು ರಸ್ತೆಗೆ ತಿರುಗಬೇಡಿ, ವಿರಾಜಪೇಟೆ ಕಡೆ ಬನ್ನಿ. ಒಂದು ಉದ್ದದ ಇಳಿಜಾರು ಬರುತ್ತೆ. ಇಳಿಜಾರು ಮುಗಿದ ಮೇಲೆ ಎಡಗಡೆ ಬಸ್ ತಂಗುದಾಣ. ಅದು ಕಂಡರೆ ನೀವು ಸರಿ ದಾರೀಲಿ ಇದ್ದೀರಿ, ಆದರೆ ಅಲ್ಲಿ ತಿರುಗಬೇಡಿ. ತಂಗುದಾಣ ಆದ್ಮೇಲೆ ಎಡಗಡೆ ಒಂದು ಕಬ್ಬಿಣದ ಗೇಟು, ಅದು ಬೇರೆಯವರ ತೋಟ. ಮುಂದೆ ಬನ್ನಿ. ಮೋರಿ ಬರುತ್ತೆ, ಎರಡೂ ಕಡೆ ಬಿಳಿ ಗೋಡೆ. ಮೋರಿ ದಾಟಿದ ಕೂಡಲೇ ಎಡಕ್ಕೆ ಮಣ್ಣಿನ ದಾರಿ, ಏರು. ಬೇತ್ರಿ ಸೇತುವೆ ಬಂತು ಅಂದ್ರೆ ನಮ್ಮ ತಿರುವು ಹಿಂದೆ ಹೋಯ್ತು ಅಂತ ಲೆಕ್ಕ."

ಇದರಲ್ಲಿ ತಿರುವು ಇರುವುದು ಒಂದೇ. ಉಳಿದದ್ದೆಲ್ಲ ಧೈರ್ಯಕ್ಕೆ. ಗೊತ್ತಿಲ್ಲದ ರಸ್ತೆಯಲ್ಲಿ ಕತ್ತಲೆಯಲ್ಲಿ ಹೋಗುವವನಿಗೆ ನಡುವೆ ಏನೂ ಗುರುತು ಕೊಡದಿದ್ದರೆ ಎರಡು ಕಿಲೋಮೀಟರ್‌ಗೇ ಅನುಮಾನ ಶುರುವಾಗುತ್ತದೆ. ಸಿಕ್ಕ ಮೊದಲ ಎಡಕ್ಕೆ ಒಳಗೆ ನುಗ್ಗಿಬಿಡುತ್ತಾನೆ. ಆ ಕಬ್ಬಿಣದ ಗೇಟಿನ ಮುಂದೆ ನಮ್ಮ ಲಾರಿಗಳು ಎಷ್ಟೋ ಸಲ ಹಾರ್ನ್ ಹಾಕಿ ನಿಂತಿವೆ. ಅದಕ್ಕೇ ತಿರುಗಬಾರದ ಜಾಗವನ್ನೂ ಹೆಸರು ಹಿಡಿದು ಹೇಳುತ್ತೇನೆ. ದೂರವನ್ನು ಮಾತ್ರ ಆದಷ್ಟು ಹೇಳುವುದಿಲ್ಲ. ಸುತ್ತು ರಸ್ತೆಯಲ್ಲಿ, ಮಂಜಿನಲ್ಲಿ, ಲೋಡ್ ಗಾಡಿಗೆ ಒಂದು ಕಿಲೋಮೀಟರ್ ಅಂದರೆ ಎಷ್ಟು ಹೊತ್ತು ಅಂತ ಯಾರೂ ಅಂದಾಜು ಮಾಡಲಾರರು.

ಇನ್ನು ಮುಖ್ಯವಾದ ಕೆಲಸ. ಹೇಳಿ ಮುಗಿಸಿ "ಗೊತ್ತಾಯ್ತಾ?" ಅಂತ ಕೇಳಿದರೆ ಎಲ್ಲರೂ "ಆಯ್ತು ಸಾರ್" ಅನ್ನುತ್ತಾರೆ. ದಿನವಿಡೀ ಗಾಡಿ ಓಡಿಸಿ ಸುಸ್ತಾದವನು ಗೊತ್ತಾಗದಿದ್ದರೂ ಹಾಗೇ ಅನ್ನುತ್ತಾನೆ. ಅದಕ್ಕೇ ನಾನು ಆ ಮಾತು ಕೇಳುವುದಿಲ್ಲ. "ಅಣ್ಣ, ಸಿಗ್ನಲ್ ಸರಿ ಇಲ್ಲ, ನಾನು ಹೇಳಿದ್ದು ನಿಮಗೆ ಪೂರ್ತಿ ಕೇಳಿಸ್ತೋ ಇಲ್ವೋ. ಮೂರ್ನಾಡು ಬಿಟ್ಟ ಮೇಲೆ ಏನೇನು ಬರುತ್ತೆ, ಒಂದ್ಸಲ ಹೇಳಿ" ಅನ್ನುತ್ತೇನೆ. ತಪ್ಪನ್ನು ಸಿಗ್ನಲ್ ಮೇಲೆ ಹಾಕಿದರೆ ಯಾರಿಗೂ ಪರೀಕ್ಷೆ ಕೊಟ್ಟ ಹಾಗೆ ಅನ್ನಿಸುವುದಿಲ್ಲ.

ಅವನು ಹೇಳಿದ: "ಇಳಿಜಾರು, ಆಮೇಲೆ ಬಸ್ ಸ್ಟಾಪು, ಆಮೇಲೆ ಲೆಫ್ಟು."

ಮೋರಿ ಬಿಟ್ಟುಹೋಗಿತ್ತು. ಹೀಗೇ ಹೊರಟಿದ್ದರೆ ಸೀದಾ ಆ ಗೇಟಿಗೇ ಹೋಗುತ್ತಿದ್ದ. ಇಂಥ ಹೊತ್ತಿನಲ್ಲಿ ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಬಾರದು. ಸರಿಯಾಗಿ ನೆನಪಿದ್ದದ್ದೂ ಕಲಸಿಹೋಗುತ್ತದೆ. "ಬಸ್ ಸ್ಟಾಪ್ ತನಕ ಸರಿ. ಅಲ್ಲಿಂದ ಲೆಫ್ಟ್ ತಗೊಳ್ಳೋಕೆ ಮುಂಚೆ ಇನ್ನೊಂದು ಬರಬೇಕು, ಏನದು?" ಅಂದೆ. ಸ್ವಲ್ಪ ಯೋಚಿಸಿ "ಬಿಳಿ ಗೋಡೆ" ಅಂದ. "ಅದು ಬಂದಮೇಲೆ?" "ಲೆಫ್ಟು, ಮೇಲಕ್ಕೆ." ಅಷ್ಟು ಸಾಕು. ಅವನಿಗೆ ಮೋರಿ ಅನ್ನುವುದಕ್ಕಿಂತ ಬಿಳಿ ಗೋಡೆ ತಲೆಗೆ ಹತ್ತಿತ್ತು. ಅಲ್ಲಿಂದ ನಾನೂ ಬಿಳಿ ಗೋಡೆ ಅಂತಲೇ ಅಂದೆ. ತಿರುವಿನಲ್ಲಿ ಟಾರ್ಚ್ ಹಿಡಿದು ಒಬ್ಬರನ್ನು ನಿಲ್ಲಿಸಿದ್ದೆ, ಮಂಜು ಜಾಸ್ತಿ ಇದ್ದದ್ದರಿಂದ. ಅವನು ತಂಗುದಾಣದಿಂದಲೇ ನಿಧಾನ ಮಾಡಿಕೊಂಡು ಬಂದು ಸರಿಯಾಗಿ ತಿರುಗಿಸಿದ.

ವಿರಾಜಪೇಟೆ ಕಡೆಯಿಂದ ಬರುವವರಿಗೆ ಇದೇ ಗುರುತುಗಳನ್ನು ಹಿಂದುಮುಂದು ಮಾಡಿ ಹೇಳಬಹುದು. ನಾನು ಹಾಗೆ ಮಾಡುವುದಿಲ್ಲ. ನಮ್ಮ ಮಣ್ಣಿನ ದಾರಿ ರಸ್ತೆಗೆ ಓರೆಯಾಗಿ ಸೇರುತ್ತದೆ. ಆ ಕಡೆಯಿಂದ ಬಂದ ಲಾರಿಗೆ ಒಂದೇ ಸಲಕ್ಕೆ ತಿರುಗಲು ಆಗುವುದಿಲ್ಲ. ಅವರಿಗೆ ತಿರುವಿನ ಮಾತೇ ಬೇಡ. "ಬೇತ್ರಿ ಸೇತುವೆ ದಾಟಿ ಸೀದಾ ಬನ್ನಿ, ಬಲಗಡೆ ಬಸ್ ತಂಗುದಾಣ ಸಿಗುತ್ತೆ, ಅಲ್ಲಿ ಜಾಗ ಇದೆ, ಗಾಡಿ ತಿರುಗಿಸಿ ವಾಪಸ್ ಬನ್ನಿ" ಅನ್ನುತ್ತೇನೆ. ಅಲ್ಲಿಂದ ಮುಂದೆ ಎಲ್ಲರಿಗೂ ಒಂದೇ ಪಾಠ: ಗೇಟು ಬಿಟ್ಟು, ಬಿಳಿ ಗೋಡೆ, ಎಡಕ್ಕೆ.

ತೋಟದೊಳಗೆ ದಾರಿ ಹೇಳುವಾಗ ಈ ಎಡ ಬಲ ಯಾವುದೂ ನಡೆಯುವುದಿಲ್ಲ. ಈ ವರ್ಷ ಮಂಡ್ಯ ಕಡೆಯ ಒಬ್ಬ ಹುಡುಗ ಸೂಪರ್‌ವೈಸರ್ ಆಗಿ ಸೇರಿದ. ನಮ್ಮವರು "ಮೇಲಿನ ರೋಡಲ್ಲಿ ಹೋಗಿ ಕೆಳಗೆ ಇಳೀರಿ" ಅನ್ನುತ್ತಾರೆ. ಅವನು ಬಯಲಿನವನು, ಎಲ್ಲ ಕಡೆ ಏರು ಇಳಿವೇ ಇರುವಾಗ ಮೇಲಿನದು ಯಾವುದು ಅಂತ ನಿಂತುಬಿಡುತ್ತಿದ್ದ. ಅವನಿಗೆ ನಾನು ಎಲ್ಲವನ್ನೂ ಕೆರೆಯಿಂದ ಹೇಳಲು ಶುರುಮಾಡಿದೆ. ನಮ್ಮ ಕೆರೆ ತೋಟದ ತಗ್ಗಿನಲ್ಲಿದೆ, ಪಂಪ್‌ಹೌಸ್ ಅಲ್ಲೇ. ಲೈನ್ ಮನೆ ಅಂದರೆ ತೋಟದ ಕೆಲಸಗಾರರು ಇರುವ ಸಾಲುಮನೆ. "ಕೆರೆಗೆ ಬೆನ್ನು ಹಾಕಿ ನಿಂತ್ಕೊಳ್ಳಿ. ಎದುರಿಗೆ ಹತ್ತೋ ಜೀಪ್ ದಾರಿ ಹಿಡೀರಿ. ಲೈನ್ ಮನೆ ಕಾಣೋ ತನಕ ಬೇರೆ ದಾರಿಗೆ ಇಳೀಬೇಡಿ. ಲೈನ್ ಮನೆ ಹತ್ರ ಯಾರಿದ್ರೂ ಕೇಳಿ, ಕೊಯ್ಯೋರು ಎಲ್ಲಿದ್ದಾರೆ ಅಂತ." ಮೊದಲು ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಅನ್ನುವುದು ಗೊತ್ತಾದರೆ ಉಳಿದದ್ದು ಅವನಿಗೆ ಕಷ್ಟವಾಗಲಿಲ್ಲ. ಕಾಲುದಾರಿಗಳನ್ನು ಹೊಸಬರಿಗೆ ನಾನು ಹೇಳುವುದೇ ಇಲ್ಲ. ಹತ್ತಿರ ಆಗುತ್ತದೆ ನಿಜ, ಆದರೆ ಆನೆ ಓಡಾಟ ಇರುವ ಜಾಗ, ಸಂಜೆ ಹೊತ್ತು ಬೇಡ.

ಅವನನ್ನೂ ನಾನು ತಿರುಗಿ ಹೇಳಿ ಅನ್ನುತ್ತೇನೆ, ಆದರೆ ಬೇರೆ ರೀತಿ. ಹೊರಡುವ ಮೊದಲು "ನಿಮ್ಮ ಜೊತೆ ಬರೋ ಕೊಯ್ಯೋರಿಗೆ ದಾರಿ ಹೇಳಿ, ನಾನೂ ಕೇಳ್ತೀನಿ" ಅನ್ನುತ್ತೇನೆ. ಒಂದು ದಿನ ಲೈನ್ ಮನೆಗೆ ಹೋಗುವ ದಾರಿ ಹೇಳುವಾಗ ಕೆರೆ ಏರಿಯ ಮೇಲಿಂದ ಹೋಗಿ ಅಂದ. ಗುಂಪಿನಲ್ಲಿದ್ದ ಒಬ್ಬ ಅಜ್ಜಿ "ಏರಿ ಮೇಲೆ ಈಗ ಹೋಗೋಕಾಗಲ್ಲ ಸಾರ್, ಮಳೇಲಿ ಕುಸಿದಿದೆ, ಬೇಲಿ ಹಾಕಿದಾರೆ" ಅಂದರು. ಅದು ನನಗೂ ಗೊತ್ತಿರಲಿಲ್ಲ. ಅವತ್ತಿನಿಂದ ಪಂಪ್‌ಹೌಸ್ ಹಿಂದಿನ ದಾರಿಯನ್ನೇ ಹೇಳುತ್ತಿದ್ದೇವೆ.